ಪ್ರತಿ ಸಲವೂ ಅದೇ ಗುಹೆ

ಕೆಲವು ಕಂಪ್ಯೂಟರ್ ಗೇಮ್‌ಗಳಲ್ಲಿ ಲೆವೆಲ್‌ಗಳನ್ನು ಯಾರೂ ಮುಂಚೆಯೇ ಬಿಡಿಸಿಟ್ಟಿರುವುದಿಲ್ಲ. ಆಟ ತೆರೆದ ಹೊತ್ತಿಗೆ ಪ್ರೋಗ್ರಾಮೇ ಕೋಣೆಗಳನ್ನು ತೋಡುತ್ತದೆ, ಅವುಗಳ ನಡುವೆ ಓಣಿ ಕೊರೆಯುತ್ತದೆ, ಎಲ್ಲಿ ನಿಧಿ, ಎಲ್ಲಿ ಶತ್ರು ಎಂದು ತಾನೇ ಗೊತ್ತುಮಾಡುತ್ತದೆ. 1980ರ ಸುಮಾರಿಗೆ ಯೂನಿಕ್ಸ್ ಯಂತ್ರಗಳಲ್ಲಿ ಹುಟ್ಟಿದ ‘ರೋಗ್’ ಈ ಬಗೆಯ ಆಟಗಳ ಮೂಲಪುರುಷ. ಪರದೆಯನ್ನು ಮೂರು ಸಾಲು, ಮೂರು ಕಂಬಗಳಾಗಿ ಸೀಳಿ, ಆ ಒಂಬತ್ತು ಚೌಕಗಳಲ್ಲಿ ಕೋಣೆಗಳನ್ನು ಹೊಸ ಹೊಸ ಅಳತೆಯಲ್ಲಿ ಇಡುತ್ತಿತ್ತು. ಇಂಥ ಆಟ ಬರೆಯಲು ಹೊರಟವರಿಗೆ ಬಹುಬೇಗ ಎದುರಾಗುವ ದೋಷ ಒಂದಿದೆ. ಲೆವೆಲ್ ಚೆನ್ನಾಗಿಯೇ ಮೂಡುತ್ತದೆ, ಆದರೆ ಆಟ ಮುಚ್ಚಿ ಮತ್ತೆ ತೆರೆದರೆ ಅದೇ ಕೋಣೆ, ಅದೇ ಓಣಿ, ಅದೇ ಮೂಲೆಯಲ್ಲಿ ಅದೇ ನಿಧಿ. ಇದರದೇ ಇನ್ನೊಂದು ರೂಪ ಇನ್ನೂ ವಿಚಿತ್ರ: ಹನ್ನೆರಡು ಕೋಣೆ ತೋಡಲು ಹೇಳಿದ್ದರೂ ಪರದೆಯ ಮೇಲೆ ಒಂದೇ ಕೋಣೆ ಕಾಣುತ್ತದೆ. ಎರಡಕ್ಕೂ ಬೇರು ಒಂದೇ, ಯಾದೃಚ್ಛಿಕ ಸಂಖ್ಯೆಗಳ ಬೀಜ.

ಚೌಕಾಬಾರ ಆಡುವವರ ಕೈಯಲ್ಲಿ ಕವಡೆಗಳಿರುತ್ತವೆ. ಎಸೆದರೆ ಎಷ್ಟು ಮಗುಚುತ್ತವೆ ಎಂದು ಎಸೆದವರಿಗೂ ಗೊತ್ತಿಲ್ಲ. ಪ್ರೋಗ್ರಾಮಿನ ಕೈಯಲ್ಲಿ ಅಂಥ ಕವಡೆ ಇಲ್ಲ. ಅದಕ್ಕೆ ಬರುವುದು ಲೆಕ್ಕ ಮಾತ್ರ, ಲೆಕ್ಕವೆಂದರೆ ಒಂದೇ ಪ್ರಶ್ನೆಗೆ ಎಂದೆಂದಿಗೂ ಒಂದೇ ಉತ್ತರ. ಹೀಗಾಗಿ ಕಂಪ್ಯೂಟರಿನ ಸಾಮಾನ್ಯ ‘ರ‍್ಯಾಂಡಮ್’ ಸಂಖ್ಯೆ ನಿಜಕ್ಕೂ ಯಾದೃಚ್ಛಿಕವಲ್ಲ, ಹಾಗೆ ಕಾಣುವಂತೆ ಹೆಣೆದ ಲೆಕ್ಕ. ಒಂದು ಪುಟ್ಟ ಉದಾಹರಣೆಯನ್ನು ಪೆನ್ಸಿಲ್ ಹಿಡಿದೇ ಮಾಡಿ ನೋಡಬಹುದು. ಯಾವುದಾದರೂ ಸಂಖ್ಯೆ ತೆಗೆದುಕೊಂಡು ಐದರಿಂದ ಗುಣಿಸಿ, ಮೂರು ಕೂಡಿಸಿ, ಬಂದದ್ದನ್ನು 16ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಬರೆದುಕೊಳ್ಳುವುದು. ಆ ಶೇಷದ ಮೇಲೆ ಮತ್ತೆ ಅದೇ ಲೆಕ್ಕ. 1ರಿಂದ ಶುರುಮಾಡಿದರೆ 8 ಬರುತ್ತದೆ, 8ರಿಂದ 11, ಆಮೇಲೆ 10, 5, 12, 15, 14, 9, 0, 3, 2, 13, 4, 7, 6, ಕೊನೆಗೆ ಮತ್ತೆ 1. ನೋಡಿದವರಿಗೆ ಸಾಲು ಚೆಲ್ಲಾಪಿಲ್ಲಿಯಾಗಿಯೇ ಕಾಣುತ್ತದೆ. ಆದರೆ ಶುರುವಿನ ಸಂಖ್ಯೆ 1 ಎಂದು ತಿಳಿದವರು ಉಳಿದ ಎಲ್ಲವನ್ನೂ ಮೊದಲೇ ಹೇಳಬಲ್ಲರು.

ಆ ಶುರುವಿನ ಸಂಖ್ಯೆಯೇ ಬೀಜ, ಪ್ರೋಗ್ರಾಮರುಗಳ ಮಾತಿನಲ್ಲಿ ‘ಸೀಡ್’. ನಿಜವಾದ ಜನರೇಟರ್‌ಗಳು 16ರ ಬದಲು ಕೋಟಿಗಟ್ಟಲೆ ದೊಡ್ಡ ಸಂಖ್ಯೆಗಳ ಮೇಲೆ ಕೆಲಸ ಮಾಡುತ್ತವೆ, ಅಷ್ಟೇ ವ್ಯತ್ಯಾಸ. ಜನರೇಟರನ್ನು ಒಂದು ದಪ್ಪ ಪುಸ್ತಕವೆಂದು ಭಾವಿಸಿದರೆ ಬೀಜವೆಂಬುದು ಯಾವ ಪುಟದಿಂದ ಓದು ಶುರು ಎಂಬ ಗುರುತು. ಒಂದೊಂದು ಸಲ ಸಂಖ್ಯೆ ಕೇಳಿದಾಗಲೂ ಓದು ಒಂದು ಸಾಲು ಮುಂದೆ ಹೋಗುತ್ತದೆ. ಪುಸ್ತಕ ಬದಲಾಗುವುದಿಲ್ಲ, ಬದಲಾಗಬೇಕಾದದ್ದು ಪುಟ. ಪ್ರತಿ ಸಲ ಒಂದೇ ಪುಟ ತೆರೆದರೆ ಓದುವ ಸಾಲುಗಳೂ ಅವೇ ಆಗಿರುತ್ತವೆ. ಓದಿದ ಪ್ರತಿ ಸಾಲಿನ ನಂತರ ಪುಸ್ತಕ ಮುಚ್ಚಿ ಮತ್ತೆ ಅದೇ ಪುಟ ತೆರೆದರೆ ಮೊದಲ ಸಾಲು ಬಿಟ್ಟು ಬೇರೇನೂ ಕಣ್ಣಿಗೆ ಬೀಳುವುದಿಲ್ಲ. ಮೇಲೆ ಹೇಳಿದ ದೋಷದ ಎರಡು ರೂಪಗಳು ಇವೇ.

ಮೊದಲ ರೂಪಕ್ಕೆ ಅತ್ಯಂತ ಸರಳ ನಿದರ್ಶನ ಸಿ ಭಾಷೆಯಲ್ಲಿ ಸಿಗುತ್ತದೆ. ಅಲ್ಲಿ `rand()` ಎಂದು ಕೇಳಿದರೆ ಮುಂದಿನ ಸಂಖ್ಯೆ ಬರುತ್ತದೆ, `srand()` ಎಂಬುದು ಬೀಜ ಇಡುವ ಆಜ್ಞೆ. ಪ್ರೋಗ್ರಾಮರ್ ಬೀಜ ಇಡುವುದನ್ನೇ ಮರೆತರೆ? ಬೀಜವನ್ನು 1 ಎಂದು ಇಟ್ಟಂತೆ ನಡೆದುಕೊಳ್ಳಬೇಕು ಎಂದು ಸಿ ಭಾಷೆಯ ಮಾನದಂಡವೇ ಹೇಳುತ್ತದೆ. ಇದು ಅಜಾಗರೂಕತೆಯಿಂದ ಬಂದ ನಿಯಮವಲ್ಲ. ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವವರಿಗೆ ಪ್ರತಿ ಸಲವೂ ಒಂದೇ ಫಲ ಸಿಕ್ಕರೆ ಕೆಲಸ ಸುಲಭ. ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್‌ನ ಸಿ ಲೈಬ್ರರಿ ಬಳಸಿ ಬೀಜವಿಲ್ಲದೆ ಸಂಖ್ಯೆ ಕೇಳಿದರೆ ಬರುವ ಸಾಲು 41, 18467, 6334, 26500, 19169, 15724 ಎಂದು ಸಾಗುತ್ತದೆ. ಯಾರ ಯಂತ್ರವಾದರೂ ಸರಿ, ಯಾವ ದಿನವಾದರೂ ಸರಿ. 41, 18467 ಎಂಬ ಜೋಡಿಯನ್ನು ಪರದೆಯ ಮೇಲೆ ಕಂಡ ಹಳಬರು ಬೇರೇನೂ ನೋಡದೆಯೇ ದೋಷವನ್ನು ಗುರುತಿಸುತ್ತಾರೆ.

ಈಗ 30 ಕಂಬ, 18 ಸಾಲುಗಳ ಒಂದು ಗುಹೆಯ ನಕ್ಷೆ ಇದೆ ಎಂದುಕೊಳ್ಳೋಣ. ಕೋಣೆ ತೋಡುವ ತುಣುಕು ಇಷ್ಟೇ:

```c
void make_room(void)
{
    int x = rand() % 30;
    int y = rand() % 18;
    dig(x, y);
}
```

`%` ಎಂಬುದು ಶೇಷ ತೆಗೆಯುವ ಚಿಹ್ನೆ. ಮೊದಲ ಸಂಖ್ಯೆ 41, ಅದನ್ನು 30ರಿಂದ ಭಾಗಿಸಿದರೆ ಶೇಷ 11. ಎರಡನೆಯದು 18467, 18ರಿಂದ ಭಾಗಿಸಿದರೆ ಶೇಷ 17. ಅಲ್ಲಿಗೆ ಮೊದಲ ಕೋಣೆ 11ನೇ ಕಂಬ, 17ನೇ ಸಾಲಿನಲ್ಲಿ. ಮುಂದಿನ ಜೋಡಿ 6334 ಮತ್ತು 26500, ಅವುಗಳಿಂದ ಎರಡನೇ ಕೋಣೆ 4ನೇ ಕಂಬ, 4ನೇ ಸಾಲಿಗೆ ಬರುತ್ತದೆ. ಮೂರನೆಯದು 29ನೇ ಕಂಬ, 10ನೇ ಸಾಲು. ಕೋಣೆಗಳು ನಕ್ಷೆಯ ತುಂಬ ಚೆನ್ನಾಗಿಯೇ ಹರಡಿಕೊಳ್ಳುತ್ತವೆ. ಬರೆದವರು ಮೊದಲ ಸಲ ಓಡಿಸಿದಾಗ ಎಲ್ಲ ಸರಿಯಿದೆ ಎಂದೇ ತೋರುತ್ತದೆ. ಈ ದೋಷದ ಮೋಸ ಇರುವುದೇ ಇಲ್ಲಿ, ಒಂದು ಓಟದಲ್ಲಿ ಅದು ಕಾಣುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ ತೆರೆದಾಗಲೂ ಮೊದಲ ಕೋಣೆ ಅದೇ 11, 17ರಲ್ಲಿ ಬಂದು ಕೂತಾಗ ಮಾತ್ರ ಬಯಲಾಗುತ್ತದೆ. ಪರೀಕ್ಷೆಗೆಂದು ಯಾವಾಗಲೋ ಬರೆದ `srand(42)` ಎಂಬ ಸಾಲು ಅಳಿಸದೆ ಉಳಿದಿದ್ದರೂ ಫಲ ಇದೇ, ಸಂಖ್ಯೆಗಳು ಮಾತ್ರ ಬೇರೆ.

ಪರಿಹಾರ ಹುಡುಕಿದವರಿಗೆ ಸಿಗುವ ಸಲಹೆ ಸಾಮಾನ್ಯವಾಗಿ ಒಂದೇ: ಗಡಿಯಾರದ ಸಮಯವನ್ನು ಬೀಜವಾಗಿಸಿ. `time(NULL)` ಎಂಬುದು ಬಹುತೇಕ ಎಲ್ಲ ಯಂತ್ರಗಳಲ್ಲಿ 1970ರ ಜನವರಿ 1ರಿಂದ ಕಳೆದ ಸೆಕೆಂಡುಗಳ ಲೆಕ್ಕ ಕೊಡುತ್ತದೆ, ಅದು ಸದಾ ಬದಲಾಗುತ್ತಿರುವ ಸಂಖ್ಯೆ. ಸಲಹೆ ಸರಿಯೇ. ಆದರೆ ಆ ಸಾಲನ್ನು ಎಲ್ಲಿ ಬರೆಯಬೇಕು ಎಂಬುದನ್ನು ಸಲಹೆ ಹೇಳುವುದಿಲ್ಲ. ಸಂಖ್ಯೆ ಬೇಕಾದ ಜಾಗದ ಪಕ್ಕದಲ್ಲೇ ಬರೆಯುವುದು ಹೊಸಬರಿಗೆ ಸಹಜ:

```c
void make_room(void)
{
    srand((unsigned)time(NULL));
    int x = rand() % 30;
    int y = rand() % 18;
    dig(x, y);
}
```

ಈಗ ದೋಷ ಎರಡನೆಯ ರೂಪ ತಾಳುತ್ತದೆ. ಹನ್ನೆರಡು ಕೋಣೆ ತೋಡಲು ಇಂದಿನ ಯಂತ್ರಕ್ಕೆ ಒಂದು ಸೆಕೆಂಡಿನ ತೀರಾ ಸಣ್ಣ ಪಾಲು ಸಾಕು. ಹನ್ನೆರಡು ಸಲವೂ ಗಡಿಯಾರ ಹೇಳುವುದು ಅದೇ ಸೆಕೆಂಡನ್ನು, ಹನ್ನೆರಡು ಸಲವೂ ಪುಸ್ತಕ ಅದೇ ಪುಟಕ್ಕೆ ತೆರೆದುಕೊಳ್ಳುತ್ತದೆ. ಹನ್ನೆರಡು ಕೋಣೆಗಳೂ ಒಂದರ ಮೇಲೊಂದು ಬಿದ್ದು ಪರದೆಯ ಮೇಲೆ ಒಂದೇ ಕೋಣೆ ಉಳಿಯುತ್ತದೆ. ಮುಂದಿನ ಸಲ ಆಟ ತೆರೆದರೆ ಆ ಒಂಟಿ ಕೋಣೆ ಬೇರೆ ಕಡೆ ಇರುತ್ತದೆ, ಏಕೆಂದರೆ ಸೆಕೆಂಡು ಬೇರೆ. ಸಮಯದ ಬದಲು 42ರಂಥ ಸ್ಥಿರ ಸಂಖ್ಯೆಯನ್ನು ಈ ಜಾಗದಲ್ಲಿ ಇಟ್ಟಿದ್ದರೆ ಕೋಣೆಗಳೂ ಒಂದೇ, ಪ್ರತಿ ಸಲವೂ ಒಂದೇ ಆಗಿ ಎರಡು ದೋಷಗಳೂ ಒಟ್ಟಿಗೆ ಕಾಣುತ್ತವೆ.

ಹೀಗಾದಾಗ ಬಹಳ ಜನ ಡಿಬಗರ್ ತೆರೆದು ಕೋಡನ್ನು ಸಾಲು ಸಾಲಾಗಿ ನಡೆಸಿ ನೋಡುತ್ತಾರೆ. ಆಗ ಎಲ್ಲ ಸರಿಯಾಗಿ ನಡೆಯುತ್ತದೆ! ಒಂದೊಂದು ಕೋಣೆಯೂ ಬೇರೆ ಬೇರೆ ಜಾಗದಲ್ಲಿ ಬರುತ್ತದೆ. ಕಾರಣ ಸರಳ. ಮನುಷ್ಯ ಕೀಲಿ ಒತ್ತುತ್ತ ಸಾಲುಗಳನ್ನು ದಾಟುವಷ್ಟರಲ್ಲಿ ಒಂದೆರಡು ಸೆಕೆಂಡು ಕಳೆದಿರುತ್ತದೆ, ಗಡಿಯಾರ ಮುಂದೆ ಹೋಗಿರುತ್ತದೆ, ಬೀಜ ಬದಲಾಗಿರುತ್ತದೆ. ನಿಧಾನವಾಗಿ ನೋಡಿದರೆ ಮಾಯವಾಗಿ ವೇಗವಾಗಿ ಓಡಿಸಿದರೆ ಮರಳಿ ಬರುವ ದೋಷ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಗಡಿಯಾರದಿಂದ ತೆಗೆದ ಬೀಜವನ್ನು. ಇದನ್ನು ಅರಿಯದವರು ಕಂಪೈಲರನ್ನೋ ಗ್ರಾಫಿಕ್ಸ್ ಕಾರ್ಡನ್ನೋ ದೂರುತ್ತ ದಿನಗಟ್ಟಲೆ ಕಳೆಯುವುದುಂಟು.

`srand` ಎಂಬ ಹೆಸರೇ ಇಲ್ಲದ ಕೋಡಿನಲ್ಲೂ ಬೀಜ ಪ್ರತಿ ಸಲ ಹಿಂದಕ್ಕೆ ಹೋಗಬಹುದು. ಸಿ++ ಭಾಷೆಯಲ್ಲಿ `std::mt19937` ಎಂಬ ಬಹು ಉತ್ತಮ ಜನರೇಟರ್ ಇದೆ. ಅದಕ್ಕೆ ಬೀಜ ಕೊಡದಿದ್ದರೆ ತಾನೇ 5489 ಎಂದು ಇಟ್ಟುಕೊಳ್ಳುತ್ತದೆ, ಆಗ ಅದರ ಮೊದಲ ಸಂಖ್ಯೆ ಯಾವಾಗಲೂ 3499211612. ಕೋಣೆ ತೋಡುವ ಫಂಕ್ಷನ್ನಿನ ಒಳಗೆ ಅದನ್ನು ಘೋಷಿಸಿದರೆ ಪ್ರತಿ ಕರೆಗೂ ಹೊಸ ಜನರೇಟರ್ ಹುಟ್ಟಿ, ಒಂದು ಸಂಖ್ಯೆ ಕೊಟ್ಟು ಸಾಯುತ್ತದೆ. ಜನರೇಟರ್ ಎಷ್ಟೇ ಉತ್ತಮವಾಗಿದ್ದರೂ ಮೊದಲ ಸಾಲನ್ನು ಮಾತ್ರ ಓದಿಸಿದರೆ ಅದರ ಗುಣವೆಲ್ಲ ವ್ಯರ್ಥ.

ಬೀಜವನ್ನು ಸರಿಯಾದ ಜಾಗದಲ್ಲಿ ಒಮ್ಮೆಯೇ ಇಟ್ಟ ಮೇಲೂ ಕೆಲವೊಮ್ಮೆ ಮೊದಲ ಕೋಣೆ ಅಲುಗುವುದಿಲ್ಲ. ಇದು ಮೈಕ್ರೋಸಾಫ್ಟ್ ಲೈಬ್ರರಿಯ `rand`ನಲ್ಲಿ ಸ್ಪಷ್ಟವಾಗಿ ಕಾಣುವ ಸಂಗತಿ, ಬಿಡಿಸಿ ನೋಡಲು ತಕ್ಕದ್ದು. ಆ ಜನರೇಟರ್ ಬೀಜವನ್ನು 214013ರಿಂದ ಗುಣಿಸಿ, 2531011 ಕೂಡಿಸಿ, ಫಲವನ್ನು 65536ರಿಂದ ಭಾಗಿಸಿದ ಭಾಗಲಬ್ಧದ ಕೆಳಗಿನ 15 ಬಿಟ್‌ಗಳನ್ನು ಕೊಡುತ್ತದೆ. ಅಂದರೆ 0ಯಿಂದ 32767ರವರೆಗಿನ ಒಂದು ಸಂಖ್ಯೆ. 214013ನ್ನು 65536ರಿಂದ ಭಾಗಿಸಿದರೆ ಮೂರೂಕಾಲರಷ್ಟು. ಹಾಗಾಗಿ ಬೀಜ ಒಂದು ಹೆಚ್ಚಿದರೆ, ಎಂದರೆ ಆಟವನ್ನು ಒಂದು ಸೆಕೆಂಡು ತಡವಾಗಿ ತೆರೆದರೆ, ಮೊದಲ ಸಂಖ್ಯೆ ಮೂರೋ ನಾಲ್ಕೋ ಹೆಚ್ಚುತ್ತದೆ, ಅಷ್ಟೇ. ಶೇಷ ತೆಗೆಯುವ ಬದಲು `rand() * 30 / 32768` ಎಂದು ಪ್ರಮಾಣ ಹಿಡಿದು ಕಂಬವನ್ನು ಆರಿಸುವ ರೂಢಿಯೂ ಇದೆ. ಆ ಲೆಕ್ಕದಲ್ಲಿ ಒಂದೊಂದು ಕಂಬದ ಪಾಲಿಗೆ ಸುಮಾರು 1092 ಸಂಖ್ಯೆಗಳು ಬರುತ್ತವೆ. ಸೆಕೆಂಡಿಗೆ ಮೂರೂಕಾಲರಂತೆ ಅಷ್ಟು ದೂರ ದಾಟಲು ಐದೂವರೆ ನಿಮಿಷ ಬೇಕು. ಅಷ್ಟು ಹೊತ್ತು ಎಷ್ಟು ಸಲ ಆಟ ತೆರೆದರೂ ಮೊದಲ ಕೋಣೆಯ ಕಂಬ ಒಂದೇ ಆಗಿರಬಹುದು. ಬೀಜ ಬದಲಾಗುತ್ತಿಲ್ಲ ಎಂದು ಪ್ರೋಗ್ರಾಮರ್ ತಪ್ಪು ತಿಳಿಯುತ್ತಾನೆ. ಎರಡನೆಯ ಸಂಖ್ಯೆ ಹೀಗಲ್ಲ, ಅದು ಸೆಕೆಂಡಿಗೆ ಹತ್ತು ಸಾವಿರಕ್ಕೂ ಹೆಚ್ಚು ಜಿಗಿಯುತ್ತದೆ. ಹಾಗಾಗಿ ಬೀಜ ಇಟ್ಟ ಕೂಡಲೇ ಒಂದು ಸಂಖ್ಯೆಯನ್ನು ಕೇಳಿ ಬಿಸಾಡುವ ರೂಢಿ ಬಂದಿದೆ. ಮೂಢನಂಬಿಕೆಯಂತೆ ಕಂಡರೂ ಈ ಜನರೇಟರಿನ ಮಟ್ಟಿಗೆ ಅದಕ್ಕೆ ಗಟ್ಟಿ ಕಾರಣವಿದೆ.

ಇದೇ ಲೈಬ್ರರಿಯ ಇನ್ನೊಂದು ಗುಣ ಅನುಭವಿಗಳನ್ನೂ ಎಡವಿಸುತ್ತದೆ. ಅಲ್ಲಿ ಪ್ರತಿಯೊಂದು ಥ್ರೆಡ್‌ಗೂ, ಅಂದರೆ ಪ್ರೋಗ್ರಾಮಿನ ಒಳಗೆ ಜೊತೆಜೊತೆಯಾಗಿ ಸಾಗುವ ಪ್ರತಿಯೊಂದು ಕೆಲಸದ ಎಳೆಗೂ, ಅದರದೇ ಆದ ಪುಸ್ತಕ, ಅದರದೇ ಪುಟ. ಮುಖ್ಯ ಎಳೆಯಲ್ಲಿ ಇಟ್ಟ ಬೀಜ ಉಳಿದ ಎಳೆಗಳಿಗೆ ತಲುಪುವುದಿಲ್ಲ. ದೊಡ್ಡ ಲೆವೆಲ್ ತಯಾರಾಗುವಾಗ ಪರದೆ ಸ್ತಬ್ಧವಾಗದಿರಲಿ ಎಂದು ತೋಡುವ ಕೆಲಸವನ್ನು ಬೇರೆ ಎಳೆಗೆ ವಹಿಸಿದರೆ, ಆ ಎಳೆ ಮತ್ತೆ ಬೀಜ 1ರಿಂದ ಶುರುಮಾಡುತ್ತದೆ. ನಿನ್ನೆಯವರೆಗೆ ಸರಿಯಿದ್ದ ಗುಹೆ ಇಂದು 11, 17ರ ಕೋಣೆಗೆ ಮರಳಿರುತ್ತದೆ.

ದೋಷ ಯಾವುದೆಂದು ಗುರುತಿಸಲು ಡಿಬಗರ್ ಬೇಡ, ಮುದ್ರಣ ಸಾಕು. ಬೀಜ ಇಡುವ ಜಾಗದಲ್ಲಿ ಬೀಜವನ್ನೂ, ಲೆವೆಲ್ ತಯಾರಾಗುವ ಜಾಗದಲ್ಲಿ ಮೊದಲ ಐದಾರು ಸಂಖ್ಯೆಗಳನ್ನೂ ಮುದ್ರಿಸಿ, ಕೆಲವು ಸೆಕೆಂಡು ಬಿಟ್ಟು ಬಿಟ್ಟು ಆಟವನ್ನು ಮೂರು ಸಲ ತೆರೆಯಬೇಕು. ಬೀಜದ ಸಾಲು ಮುದ್ರಣವಾಗಲೇ ಇಲ್ಲ ಅಥವಾ ಮೂರು ಸಲವೂ ಒಂದೇ ಬಂತು ಎಂದರೆ ಬೀಜ ಇಟ್ಟಿಲ್ಲ ಅಥವಾ ಸ್ಥಿರವಾಗಿದೆ. ಒಂದೇ ಓಟದಲ್ಲಿ ಬೀಜದ ಸಾಲು ಹನ್ನೆರಡು ಸಲ ಬಂತು ಎಂದರೆ ಅದು ತಪ್ಪು ಜಾಗದಲ್ಲಿದೆ. ಬೀಜ ಪ್ರತಿ ಓಟಕ್ಕೂ ಬದಲಾಗುತ್ತಿದೆ, ಆದರೆ ಲೆವೆಲ್ಲಿಗೆ ಸಿಕ್ಕ ಸಂಖ್ಯೆಗಳು ಬದಲಾಗುತ್ತಿಲ್ಲ ಎಂದರೆ ಬೀಜ ಒಂದು ಜನರೇಟರಿಗೆ ಹೋಗುತ್ತಿದೆ, ಲೆವೆಲ್ ಇನ್ನೊಂದರಿಂದ ಓದುತ್ತಿದೆ. ಮೊದಲ ಸಂಖ್ಯೆಯೊಂದು ಮಾತ್ರ ನಿಧಾನವಾಗಿ ಮೇಲೇರುತ್ತಿದ್ದರೆ ಅದು ಅಕ್ಕಪಕ್ಕದ ಬೀಜಗಳ ತೊಂದರೆ.

ಸರಿಯಾದ ರೂಪ ಚಿಕ್ಕದು. ಪ್ರೋಗ್ರಾಮ್ ಶುರುವಾಗುವಲ್ಲಿ, ಒಮ್ಮೆ ಮಾತ್ರ:

```c
unsigned s = (unsigned)time(NULL);
printf("seed = %u\n", s);
srand(s);
rand();
```

ಕೋಣೆ ತೋಡುವ ಫಂಕ್ಷನ್ ಬೀಜದ ಗೊಡವೆಗೇ ಹೋಗುವುದಿಲ್ಲ, ಮುಂದಿನ ಸಂಖ್ಯೆ ಕೇಳುತ್ತದೆ ಅಷ್ಟೇ. ಲೆವೆಲ್ ತಯಾರಿ ಬೇರೆ ಎಳೆಯಲ್ಲಿ ನಡೆಯುವುದಾದರೆ `s` ಅನ್ನು ಅಲ್ಲಿಗೆ ಒಯ್ದು, ಆ ಎಳೆಯ ಆರಂಭದಲ್ಲಿ ಬೀಜ ಇಡಬೇಕು. ರೋಗ್‌ನ ಕರ್ತೃಗಳು ಗಡಿಯಾರದ ಸೆಕೆಂಡಿಗೆ ಆ ಓಟದ ಪ್ರೊಸೆಸ್ ಸಂಖ್ಯೆಯನ್ನೂ ಕೂಡಿಸಿ ಬೀಜ ಮಾಡುತ್ತಿದ್ದರು. ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಕಾಲದಲ್ಲಿ ಇಬ್ಬರು ಒಂದೇ ಸೆಕೆಂಡಿನಲ್ಲಿ ಆಟ ತೆರೆದರೂ ಗುಹೆ ಬೇರೆಯಾಗಲು ಅದು ಸಾಕಾಗುತ್ತಿತ್ತು.

ಬೀಜವನ್ನು ಮುದ್ರಿಸುವ ಸಾಲನ್ನು ದೋಷ ಸಿಕ್ಕ ಮೇಲೂ ಅಳಿಸಬಾರದು. ಆಟಗಾರರೊಬ್ಬರು ನಿಧಿಗೆ ದಾರಿಯೇ ಇಲ್ಲದ ಗುಹೆಯೊಂದು ಬಂತು ಎಂದು ದೂರಿದರೆ, ಬೀಜ ತಿಳಿದಿದ್ದಾಗ ಅದೇ ಗುಹೆಯನ್ನು ಮತ್ತೆ ತೋಡಿ ನೋಡಬಹುದು. ತಿಳಿಯದಿದ್ದರೆ ಆ ಗುಹೆ ಮತ್ತೆ ಸಿಗುವುದು ದುರ್ಲಭ. ಸ್ಥಿರ ಬೀಜ ತನ್ನಷ್ಟಕ್ಕೆ ದೋಷವಲ್ಲ, ಬೇಡದ ಜಾಗದಲ್ಲಿ ಇದ್ದಾಗ ಮಾತ್ರ ದೋಷ. 1984ರ ‘ಎಲೀಟ್’ ಆಟದಲ್ಲಿ ಡೇವಿಡ್ ಬ್ರೇಬೆನ್ ಮತ್ತು ಇಯಾನ್ ಬೆಲ್ ಎಂಟು ನಕ್ಷತ್ರಪುಂಜಗಳನ್ನು, ಒಂದೊಂದರಲ್ಲೂ 256 ಲೋಕಗಳನ್ನು ಅಡಗಿಸಿದ್ದರು. ಬಿಬಿಸಿ ಮೈಕ್ರೋದ 32 ಕಿಲೋಬೈಟ್ ನೆನಪಿನಲ್ಲಿ ಆ ಪಟ್ಟಿಗೆ ಜಾಗವೇ ಇರಲಿಲ್ಲ. ಒಂದು ನಿಶ್ಚಿತ ಬೀಜದಿಂದ ಹೆಸರು, ಜಾಗ, ವ್ಯಾಪಾರದ ವಿವರಗಳನ್ನೆಲ್ಲ ಬೇಕೆಂದಾಗ ಲೆಕ್ಕಹಾಕಿ ತೆಗೆಯುತ್ತಿದ್ದರು. ಅಲ್ಲಿ ಪ್ರತಿ ಸಲವೂ ಅದೇ ಲೋಕ ಬರುವುದೇ ಉದ್ದೇಶ. ಮೈನ್‌ಕ್ರಾಫ್ಟ್ ಆಡುವ ಮಕ್ಕಳು ಬೀಜದ ಸಂಖ್ಯೆ ಹಂಚಿಕೊಂಡು ಒಬ್ಬರು ಕಂಡ ಬೆಟ್ಟವನ್ನು ಇನ್ನೊಬ್ಬರು ಕಾಣುವುದೂ ಇದೇ ಗುಣದಿಂದ.

ಬೀಜವನ್ನು ಹೀಗೆ ಬಳಸಿಕೊಳ್ಳಲು ಬಯಸುವವರು ಇನ್ನೊಂದು ಕಡೆ ಎಚ್ಚರವಾಗಿರಬೇಕು. ಪ್ರತಿ ಲೆವೆಲ್ಲಿಗೂ ಬೇರೆ ಬೀಜ ಬೇಕೆಂದು ಮೂಲ ಬೀಜಕ್ಕೆ ಲೆವೆಲ್ಲಿನ ಸಂಖ್ಯೆ ಕೂಡಿಸುವುದು ಮೊದಲು ಹೊಳೆಯುವ ಉಪಾಯ. ಬೀಜ 100 ಇದ್ದರೆ ಮೊದಲ ಲೆವೆಲ್ 101, ಎರಡನೆಯದು 102. ಆದರೆ ಒಂದು ಸೆಕೆಂಡು ತಡವಾಗಿ ಆಟ ತೆರೆದವರ ಬೀಜ 101, ಅವರ ಮೊದಲ ಲೆವೆಲ್ 102. ಒಬ್ಬರ ಎರಡನೇ ಗುಹೆ ಇನ್ನೊಬ್ಬರ ಮೊದಲನೆಯದಾಗಿ ಬರುತ್ತದೆ. ಕೂಡಿಸುವ ಬದಲು, ಮೂಲ ಬೀಜವಿಟ್ಟ ಒಂದು ಜನರೇಟರಿನಿಂದಲೇ ಲೆವೆಲ್ಲಿಗೊಂದರಂತೆ ಬೀಜಗಳನ್ನು ಎತ್ತಿಟ್ಟುಕೊಳ್ಳುವುದು ಒಳ್ಳೆಯ ದಾರಿ. ಲೆವೆಲ್ ತೋಡುವ ಜನರೇಟರನ್ನು ಕಾಳಗಕ್ಕೂ ಹೊಗೆ, ಕಿಡಿಗಳ ಚಿತ್ರಣಕ್ಕೂ ಬಳಸಬಾರದು. ಆಟಗಾರ ಒಂದು ಏಟು ಹೆಚ್ಚು ಹೊಡೆದರೆ ಓದು ಒಂದು ಸಾಲು ಮುಂದೆ ಹೋಗಿ, ಬೀಜ ಅದೇ ಇದ್ದರೂ ಮುಂದಿನ ಗುಹೆ ಬೇರೆಯಾಗುತ್ತದೆ.

ಮರೆತವರಿಗೆ ಸ್ಥಿರ ಬೀಜ ಕೊಡುವ ಹಳೆಯ ನಿಯಮವನ್ನು ಹಲವು ಭಾಷೆಗಳು ಈಚೆಗೆ ಕೈಬಿಟ್ಟಿವೆ. ಲುವಾ ಭಾಷೆ 2020ರಲ್ಲಿ ಬಂದ 5.4 ಆವೃತ್ತಿಯಿಂದ ಬೀಜವನ್ನು ತಾನೇ ಬದಲಿಸುತ್ತದೆ. 2023ರಲ್ಲಿ ಗೋ ಭಾಷೆಯ 1.20 ಮತ್ತು ಗೋಡೋ ಎಂಜಿನ್ನಿನ 4.0 ಆವೃತ್ತಿಗಳು ಅದೇ ದಾರಿ ಹಿಡಿದವು. ಗೋಡೋ 3ರಲ್ಲಿ ಆರಂಭದಲ್ಲಿ `randomize()` ಎಂದು ಬರೆಯಲೇಬೇಕಿತ್ತು. ಗೇಮ್‌ಮೇಕರ್‌ನಲ್ಲಿ ಬೀಜ ಈಗಲೂ ಸ್ಥಿರ, `randomise()` ಬರೆಯುವುದು ಪ್ರೋಗ್ರಾಮರನ ಹೊಣೆ. ಸಿ ಭಾಷೆಯ `rand` ಇಂದಿಗೂ ಬೀಜವಿಲ್ಲದಿದ್ದರೆ 1ರಿಂದಲೇ ಶುರುಮಾಡುತ್ತದೆ. ಹೊಸ ಆಟ ಬರೆಯುವವರು ತಮ್ಮ ಭಾಷೆ ಅಥವಾ ಎಂಜಿನ್ನಿನ ಆವೃತ್ತಿ ಯಾವ ನಿಯಮ ಪಾಲಿಸುತ್ತದೆ ಎಂದು ಅದರ ಕೈಪಿಡಿಯಲ್ಲಿ ಮೊದಲೇ ನೋಡಿಕೊಳ್ಳಲಿ, ಮೊದಲ ಗುಹೆ ಚೆಂದ ಬಂದ ದಿನವೇ ಆಟವನ್ನು ಮುಚ್ಚಿ ಇನ್ನೆರಡು ಸಲ ತೆರೆದು ನೋಡಲಿ.